124 ಬರಬೇಕಾದಲ್ಲಿ 123.4 ಬಂತು, ಮೀಟರ್ ಏರಿಸಲಾ?

ಕೇಳಿದವರು, ಬಳ್ಳಾರಿ: "ಕಾರ್ಖಾನೆ ಕಾಂಪೌಂಡ್ ಪಕ್ಕ ಶಬ್ದ ಅಳೆಯುವ ಕೆಲಸ. ಗೊತ್ತಿರುವ ಮಟ್ಟದ ಶಬ್ದ ಕೊಟ್ಟು ಮೀಟರ್ ಪರೀಕ್ಷಿಸುವ ನಮ್ಮ ಕ್ಯಾಲಿಬ್ರೇಟರ್ ರಿಪೇರಿಗೆ ಹೋಗಿದೆ, ಅದೇ ಕೆಲಸಕ್ಕೆ ಗೆಳೆಯರ ಹತ್ತಿರ ಹಳೇ ಪಿಸ್ಟನ್‌ಫೋನ್ ತಂದೆ. ಸರ್ಟಿಫಿಕೇಟಿನಲ್ಲಿ 124.05 ಡೆಸಿಬೆಲ್ ಇದೆ, ಮೀಟರ್ 123.4 ತೋರಿಸುತ್ತಿದೆ. ಹವಾಮಾನದ ಆ್ಯಪ್‌ನಲ್ಲಿ ಗಾಳಿಯ ಒತ್ತಡ 1004. ಅದರ ಲೆಕ್ಕದಲ್ಲಿ 0.1 ಕೂಡ ಕಮ್ಮಿಯಾಗಲ್ಲ. ಮೀಟರನ್ನೇ 124ಕ್ಕೆ ಏರಿಸಲಾ?"

ಹೊಸಪೇಟೆಯಿಂದ:
ಏರಿಸಬೇಡಿ. ನಮ್ಮ ಕಡೆ ಸಮುದ್ರಮಟ್ಟಕ್ಕಿಂತ ಎತ್ತರ, ಗಾಳಿ ತೆಳು. ಯಾವ ಕ್ಯಾಲಿಬ್ರೇಟರ್ ತಂದರೂ ಅರ್ಧ ಡೆಸಿಬೆಲ್ ಕಮ್ಮಿಯೇ. ನಾನು 94ರ ಸಣ್ಣ ಕ್ಯಾಲಿಬ್ರೇಟರಿಗೂ 93.5 ಅಂತಲೇ ಮೀಟರ್ ಇಡುತ್ತೇನೆ.

ರಾಯಚೂರು ಶಕ್ತಿನಗರದಿಂದ:
ಹೊಸಪೇಟೆಯ ಸರ್ ಹೇಳಿದ್ದರಲ್ಲಿ ಮೊದಲರ್ಧ ಸರಿ. ಪಿಸ್ಟನ್‌ಫೋನಿನೊಳಗೆ ಪಿಸ್ಟನ್ ಪ್ರತಿ ಸಲ ಅಷ್ಟೇ ದೂರ ಓಡಾಡುತ್ತದೆ. ಒಳಗಿನ ಗಾಳಿ ತೆಳುವಾಗಿದ್ದರೆ ಅದನ್ನು ಅದುಮಿದಾಗ ಹುಟ್ಟುವ ಶಬ್ದವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಈಗಿನ 94ರ ಎಲೆಕ್ಟ್ರಾನಿಕ್ ಕ್ಯಾಲಿಬ್ರೇಟರುಗಳಲ್ಲಿ ಬಹಳಷ್ಟರ ಒಳಗೆ ಇನ್ನೊಂದು ಮೈಕ್ ಇರುತ್ತದೆ. ಶಬ್ದ ಇಳಿದರೆ ಅದು ಗಮನಿಸಿ ಎತ್ತಿ ಹಿಡಿಯುತ್ತದೆ. ಅಂಥದಕ್ಕೆ ಇಲ್ಲಿ ಅರ್ಧ ಡೆಸಿಬೆಲ್ ಕಳೆಯುವ ಹಾಗಿಲ್ಲ. 93.5ಕ್ಕೆ ಇಟ್ಟರೆ ನಿಮ್ಮ ರಿಪೋರ್ಟುಗಳೆಲ್ಲ ಅರ್ಧ ಡೆಸಿಬೆಲ್ ಕಮ್ಮಿ ಬಂದಿರುತ್ತವೆ. ಕೈಪಿಡಿ ತೆಗೆದು ಒಮ್ಮೆ ನೋಡಿ.

ಇನ್ನು 1004. ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ನೀವು ನಿಂತಿರುವ ಜಾಗದ್ದಲ್ಲ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದೆ. ಬಳ್ಳಾರಿಯಲ್ಲಿ ನಿಜವಾದ ಒತ್ತಡ 950ರ ಆಸುಪಾಸು ಇರುತ್ತದೆ. ಕೆಲವು ಫೋನುಗಳೊಳಗೇ ಬ್ಯಾರೋಮೀಟರ್ ಇದೆ, ಅದರ ನೇರ ರೀಡಿಂಗ್ ತಗೊಳ್ಳಿ. ಒಂದೆರಡು ಅಂಕಿ ಆಚೀಚೆ ಆದರೆ ಚಿಂತೆ ಇಲ್ಲ, ಡೆಸಿಬೆಲ್‌ನಲ್ಲಿ ಅದು 0.02 ಕೂಡ ದಾಟಲ್ಲ. ಸರ್ಟಿಫಿಕೇಟಿನ ಅಂಕಿ 1013.25 ಒತ್ತಡಕ್ಕೆ ಕೊಟ್ಟದ್ದು, ಹಾಗಾಗಿ ಲೆಕ್ಕ ಇಷ್ಟೇ:

```
20 * log10(950 / 1013.25) = -0.56
124.05 - 0.56 = 123.49
```

ನಿಮ್ಮ ಮೀಟರ್ 123.4 ಅಂದರೆ ಸರಿಯಾಗೇ ಇದೆ.

ನಾನು ಹೊಸದರಲ್ಲಿ ಹೀಗೇ 124ಕ್ಕೆ ತಿರುಗಿಸಿ ದಿನವಿಡೀ ಅಳೆದೆ. ಬೇಲಿ ಹತ್ತಿರ 75.3 ಬಂತು. ಕೈಗಾರಿಕಾ ಪ್ರದೇಶಕ್ಕೆ ಹಗಲು ಮಿತಿ 75, ಹಾಗಾಗಿ ದೊಡ್ಡ ಗಲಾಟೆ. ಸಂಜೆ ಬೇರೆಯವರ 94ರ ಕ್ಯಾಲಿಬ್ರೇಟರ್ ಹಾಕಿದರೆ ಮೀಟರ್ 94.6 ಅಂದಿತು. ಬೆಳಿಗ್ಗೆ ನಾನೇ ಸೇರಿಸಿದ ತಪ್ಪು ಅದು.

ಗಂಗಾವತಿಯಿಂದ:
ನಮ್ಮ ಮನೆ ಪಕ್ಕ ರೈಸ್ ಮಿಲ್ಲಿದೆ ರೀ. ಫೋನ್ ಆ್ಯಪ್‌ನಲ್ಲಿ ರಾತ್ರಿ 68 ತೋರಿಸುತ್ತೆ. ಅದಕ್ಕೂ ಈ ಅರ್ಧ ಕಳೆಯಬೇಕಾ?

ಶಕ್ತಿನಗರದಿಂದ:
ಬೇಡ ಅಣ್ಣ. ಇದು ಪಿಸ್ಟನ್‌ಫೋನಿನ ಶಬ್ದಕ್ಕೆ ಮಾತ್ರ, ಮಿಲ್ಲಿನ ಶಬ್ದಕ್ಕಲ್ಲ. ಫೋನಿನ ಮೈಕ್ ಐದಾರು ಡೆಸಿಬೆಲ್ ತಪ್ಪಿದರೂ ಆಶ್ಚರ್ಯ ಇಲ್ಲ. ದೂರು ಕೊಡುವುದಾದರೆ ಸರಿಯಾದ ಮೀಟರಿನಲ್ಲೇ ಅಳೆಸಿ.

ಕೊಪ್ಪಳದಿಂದ:
ನನಗೊಮ್ಮೆ ಪಿಸ್ಟನ್‌ಫೋನ್ ಹಾಕಿದಾಗ 114.9 ಬಂದು ಎದೆ ಧಸಕ್ ಅಂದಿತ್ತು. ಮೈಕ್ ಹೋಯ್ತು ಅಂದುಕೊಂಡೆ. ನೋಡಿದರೆ ಮೀಟರ್ ಎ ವೇಟಿಂಗ್‌ನಲ್ಲಿತ್ತು, ಅದು ನಮ್ಮ ಕಿವಿಯ ಹಾಗೆ ದಪ್ಪ ದನಿಯನ್ನು ಕಮ್ಮಿ ಮಾಡಿ ತೋರಿಸುತ್ತದೆ. ಪಿಸ್ಟನ್‌ಫೋನ್ ಹಾಡುವುದು 250 ಹರ್ಟ್ಸ್‌ನಲ್ಲಿ, ಎ ಅಲ್ಲಿ 8.6 ಕತ್ತರಿಸುತ್ತದೆ. ಏನನ್ನೂ ಕತ್ತರಿಸದ ಝಡ್‌ಗೆ ಹಾಕಿದ ಮೇಲೆ ಸರಿಯಾಯಿತು. ಕ್ಯಾಲಿಬ್ರೇಟರು 1000 ಹರ್ಟ್ಸ್, ಅಲ್ಲಿ ಎ, ಸಿ, ಝಡ್ ಎಲ್ಲ ಒಂದೇ. ಅದನ್ನೇ ಬಳಸಿ ರೂಢಿಯಾದವರಿಗೆ ಇದು ಹೊಳೆಯುವುದೇ ಇಲ್ಲ.

ಮೈಕ್ ಸುತ್ತಲಿನ ರಬ್ಬರ್ ರಿಂಗ್ ಕೂಡ ನೋಡಿ. ನಮ್ಮ ಬಿಸಿಲಿಗೆ ಅದು ಬಿರುಕು ಬಿಡುತ್ತದೆ. ಗಾಳಿ ಸೋರಿದರೆ ಅಂಕಿ ನಿಲ್ಲಲ್ಲ, ಬೆರಳಲ್ಲಿ ಸ್ವಲ್ಪ ಅದುಮಿದರೆ ಸಟ್ಟನೆ ಏರುತ್ತದೆ. ಒತ್ತಡದ ವ್ಯತ್ಯಾಸ ಹಾಗಲ್ಲ, ಎಷ್ಟು ಸಲ ತೆಗೆದು ಹಾಕಿದರೂ ಅದೇ ಅಂಕಿ ಬರುತ್ತದೆ. ಆಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಪೆಟ್ಟಿಗೆಯಿಂದ ತೆಗೆದು ತಕ್ಷಣ ಹಾಕಬೇಡಿ. ನೆರಳಲ್ಲಿ ಸ್ವಲ್ಪ ಹೊತ್ತು ಇಡಿ.

ಹೊಸಪೇಟೆಯಿಂದ:
ಕೈಪಿಡಿ ನೋಡಿದೆ. ನನ್ನದರಲ್ಲಿ ಒಳ ಮೈಕ್ ಇದೆಯಂತೆ. ಎರಡು ವರ್ಷದ ರೀಡಿಂಗ್ ಈಗ ಏನು ಮಾಡಲಿ? ಆದರೆ ಸಂಡೂರು ಗುಡ್ಡದ ಮೇಲೆ ಪಿಸ್ಟನ್‌ಫೋನ್ ಹಾಕಿದ್ರೆ ಒಂದು ಡೆಸಿಬೆಲ್ ಇಳಿಯುತ್ತೆ ಅನ್ನೋದು ನಿಜ ತಾನೇ?

ಶಕ್ತಿನಗರದಿಂದ:
ನಿಜ. ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 900, ಅಂದರೆ ಒಂದು ಡೆಸಿಬೆಲ್. ಹಳೇ ರೀಡಿಂಗಿಗೆ ಪ್ರತಿ ದಿನದ ಚೆಕ್ ಬರೆದಿಟ್ಟಿದ್ದರೆ 0.5 ಸೇರಿಸಿ ತಿದ್ದಬಹುದು. ಬರೆದಿಲ್ಲದಿದ್ದರೆ ಕಷ್ಟ.

ಕೇಳಿದವರು:
ಫೋನಿನ ಬ್ಯಾರೋಮೀಟರ್ 951 ತೋರಿಸಿತು. ಮೀಟರ್ ಮುಟ್ಟಲಿಲ್ಲ. ಸಂಜೆ ಕೆಲಸ ಮುಗಿಸಿ ಮತ್ತೆ ಹಾಕಿದೆ, 123.4. ಆ ಉಳಿದ 0.1 ತಿದ್ದಬೇಕಾ?

ಕೊಪ್ಪಳದಿಂದ:
ನಾನು ತಿದ್ದುತ್ತೇನೆ.

ಶಕ್ತಿನಗರದಿಂದ:
ನಾನು ತಿದ್ದಲ್ಲ, ಪುಸ್ತಕದಲ್ಲಿ ಬರೆದಿಡುತ್ತೇನೆ. ದಿನಾ ತಿರುಗಿಸುತ್ತಾ ಹೋದರೆ ಮೈಕ್ ನಿಧಾನವಾಗಿ ಹಾಳಾಗುತ್ತಿರುವುದು ಕಾಣುವುದೇ ಇಲ್ಲ. ಬೆಳಿಗ್ಗೆಗೂ ಸಂಜೆಗೂ 0.5ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ದಿನ ಮಾತ್ರ ಆ ದಿನದ ಅಳತೆಯನ್ನೇ ಬಿಡುತ್ತೇನೆ.