ಪದಚರ್ಚೆ: ‘ಎಸ್ಕೇಪ್ ಮಾಡು’ ಎನ್ನುವುದಕ್ಕೆ ‘ತಪ್ಪಿಸು’ ಸರಿಯೇ?

ಧಾರವಾಡದಿಂದ: ಗೆಳೆಯರೇ, ಹುಬ್ಬಳ್ಳಿಯ ಅಂಗಡಿಗಳ ಪಟ್ಟಿ ಇರುವ ವೆಬ್‌ಸೈಟಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಬೇರೆಯವರು ಟೈಪ್ ಮಾಡಿದ್ದನ್ನು ಪುಟಕ್ಕೆ ಹಾಕುವ ಮೊದಲು ಎಸ್ಕೇಪ್ ಮಾಡಬೇಕು, ಅಂದರೆ `<` ಬದಲು `&lt;` ಹೋಗಬೇಕು. ಇದಕ್ಕೆ ‘ತಪ್ಪಿಸು’ ಎನ್ನಬಹುದೇ? ಜೊತೆಗೆ ಇನ್ನೊಂದು ತೊಡಕು: ‘ಕಾಳು & ಬೀಜ’ ಎಂಬ ಹೆಸರು ಪುಟದಲ್ಲಿ `ಕಾಳು &amp; ಬೀಜ` ಎಂದು ಕಾಣುತ್ತಿದೆ.

ಗದಗದಿಂದ: ‘ತಪ್ಪಿಸು’ ಅಂದ್ರೆ ಓದಿದವರು ಆ ಚಿಹ್ನೆಯನ್ನೇ ತೆಗೆದುಬಿಡ್ತಾರೆ. ‘ಅಕ್ಷರವಾಗಿಸು’ ಅನ್ನಿ. ಎರಡನೆಯದು ಸುಲಭ. ಪಿಎಚ್‌ಪಿ ಆದರೆ `htmlspecialchars`ಗೆ `double_encode` ಅನ್ನು `false` ಕೊಡಿ, ಮುಗೀತು.

ಹುಬ್ಬಳ್ಳಿಯಿಂದ: ಅದರಿಂದ ಕಾಣುವ ತೊಂದರೆ ಹೋಗುತ್ತದೆ, ಆದರೆ ಹೊಸದೊಂದು ಬರುತ್ತದೆ. ಯಾರಾದರೂ ಪಾಠ ಹೇಳಲು ಬೇಕಂತಲೇ `&lt;` ಎಂದು ಟೈಪ್ ಮಾಡಿದರೆ ಓದುಗರಿಗೆ ಬರೀ `<` ಕಾಣುತ್ತದೆ. ಮೊದಲು ಪುಟದ ಸೋರ್ಸ್ ತೆಗೆದು ನೋಡಿ. ಹೀಗಿದ್ದರೆ ಎರಡು ಸಲ ಎಸ್ಕೇಪ್ ಆಗಿದೆ:

```
ಕಾಳು &amp;amp; ಬೀಜ
```

ಡೇಟಾಬೇಸಿಗೆ ಹಾಕುವಾಗಲೇ ಒಮ್ಮೆ `&amp;` ಆಗಿರುತ್ತದೆ. ತೋರಿಸುವಾಗ ಟೆಂಪ್ಲೇಟ್ ತಾನಾಗಿ ಮತ್ತೊಮ್ಮೆ ಮಾಡುತ್ತದೆ. ಅದರಲ್ಲಿರುವ `&` ನಾವು ಸೇರಿಸಿದ್ದು ಅಂತ ಅದಕ್ಕೇನು ಗೊತ್ತು? ಬ್ರೌಸರ್ ಬಿಚ್ಚುವುದು ಒಂದೇ ಸಲ, ಹಾಗಾಗಿ ಒಳಗಿನದು ಹಾಗೇ ಉಳಿಯುತ್ತದೆ. ತಿದ್ದುವ ಫಾರ್ಮಿನಲ್ಲೂ `&amp;` ಬರುತ್ತದೆ. ಅಂಗಡಿಯವರು ಫೋನ್ ನಂಬರ್ ಬದಲಿಸಿ ಉಳಿಸಿದರೂ ಹೆಸರಿನಲ್ಲಿ ಇನ್ನೊಂದು `amp;` ಬೆಳೆಯುತ್ತದೆ. ಟೈಪ್ ಮಾಡಿದ್ದನ್ನು ಇದ್ದ ಹಾಗೇ ಡೇಟಾಬೇಸಿನಲ್ಲಿಡಿ. ಪುಟಕ್ಕೆ ಹಾಕುವಾಗ ಮಾತ್ರ, ಒಂದೇ ಕಡೆ, ಎಸ್ಕೇಪ್ ಮಾಡಿ. ಪದದ ಬಗ್ಗೆ ಹೇಳುವುದಾದರೆ, ‘ಎಸ್ಕೇಪ್ ಮಾಡು’ ಅಂತಲೇ ಬಿಡಿ. ಕೆಲಸ ಮಾಡುವವರೆಲ್ಲ ಅದನ್ನೇ ಅಂತಾರೆ.

ಹಾವೇರಿಯಿಂದ: ನಮ್ಮಲ್ಲೂ ಇದೇ ಕಾಟ! ‘ಕ’ ಅಂತ ಕೊಟ್ಟರೆ `&#3221;` ಎಂದು ಕಾಣುತ್ತಿತ್ತು. ಎಸ್ಕೇಪನ್ನೇ ತೆಗೆದೆವು, ಸರಿಯಾಯ್ತು.

ಹುಬ್ಬಳ್ಳಿಯಿಂದ: ದಯವಿಟ್ಟು ಇವತ್ತೇ ವಾಪಸ್ ಹಾಕಿ. ಈಗ ಯಾರಾದರೂ ಹೆಸರಿನ ಜಾಗದಲ್ಲಿ `<script>` ಬರೆದರೆ ಅದು ಎಲ್ಲರ ಬ್ರೌಸರಿನಲ್ಲೂ ಓಡುತ್ತದೆ. ನಿಮ್ಮದು ಬೇರೆ ಕಾರಣ ಇರಬೇಕು. ಪುಟ ಯುಟಿಎಫ್-8 ಅಲ್ಲದಿದ್ದರೆ, ಹಳೆಯ ಎನ್‌ಕೋಡಿಂಗಿನಲ್ಲಿ ಕನ್ನಡಕ್ಕೆ ಜಾಗವಿಲ್ಲದೆ ಬ್ರೌಸರೇ ‘ಕ’ವನ್ನು `&#3221;` ಮಾಡಿ ಕಳಿಸುತ್ತದೆ. ನಿಮ್ಮ ಎಸ್ಕೇಪ್ ಅದರ ಮೇಲೆ ಕೂತಿತು, ಅಷ್ಟೇ. ಪುಟದಲ್ಲಿ `<meta charset="utf-8">` ಇದೆಯಾ ನೋಡಿ.

ಧಾರವಾಡದಿಂದ: ಸೋರ್ಸಿನಲ್ಲಿ `&amp;amp;` ಇದೆ ಸರ್, ನೀವು ಹೇಳಿದ್ದೇ ಸರಿ. ಉಳಿಸುವ ಕಡೆಯದನ್ನು ತೆಗೆಯುತ್ತೇನೆ. ಆದರೆ ಹಳೆಯ ಹೆಸರುಗಳನ್ನು ಏನು ಮಾಡಲಿ? ಕೆಲವು ಒಂದು ಸಲ ಎಸ್ಕೇಪ್ ಆಗಿವೆ, ತಿದ್ದಿದವು ಜಾಸ್ತಿ ಸಲ.

ಹುಬ್ಬಳ್ಳಿಯಿಂದ: ಎಲ್ಲವನ್ನೂ ಒಂದೇ ಏಟಿಗೆ ಬಿಚ್ಚಬೇಡಿ. ಮೊದಲು ಬ್ಯಾಕಪ್ ತೆಗೆದಿಡಿ. `&amp;`, `&lt;` ಇರುವ ಸಾಲುಗಳನ್ನಷ್ಟೇ ಹುಡುಕಿ, ಕಣ್ಣಲ್ಲಿ ನೋಡಿ ತಿದ್ದಿ. ಯಾವುದು ಬೇಕಂತಲೇ ಟೈಪ್ ಮಾಡಿದ್ದು ಅಂತ ಯಂತ್ರಕ್ಕೆ ತಿಳಿಯುವುದಿಲ್ಲ.

ಗದಗದಿಂದ: `double_encode` ಮಾತು ಬಿಟ್ಟೆ. ‘ಅಕ್ಷರವಾಗಿಸು’ ಮಾತ್ರ ಬಿಡಲ್ಲ. ಕೈಪಿಡಿ ಓದುವವರು ಅಂಗಡಿಯವರು, ಪ್ರೋಗ್ರಾಮರ್‌ಗಳಲ್ಲ ಅಲ್ವಾ?