ಪದಚರ್ಚೆ: ಟೊಪಾಲಜಿಕಲ್ ಸಾರ್ಟ್‌ಗೆ ಕನ್ನಡ ಪದ ಬೇಕು, ಸಂಜೆಯೊಳಗೆ

ದಾವಣಗೆರೆಯಿಂದ, ಬಿಸಿಎ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದ ಗೋಡೆಗೆ ಒಂದು ದೊಡ್ಡ ಚಿತ್ರ ಹಾಕಿಸುತ್ತಿದ್ದೇವೆ. ಯಾವ ಪೇಪರ್ ತಗೊಳ್ಳೋಕೆ ಮುಂಚೆ ಯಾವುದು ಮುಗಿದಿರಬೇಕು ಅಂತ ಬಾಣ ಹಾಕಿ ತೋರಿಸುವ ಚಿತ್ರ. ಸಂಜೆ ಆರಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಮೂರು ಪದ ಬೇಕು: ಪ್ರಿರಿಕ್ವಿಸಿಟ್, ಡೈರೆಕ್ಟೆಡ್ ಎಸೈಕ್ಲಿಕ್ ಗ್ರಾಫ್, ಟೊಪಾಲಜಿಕಲ್ ಸಾರ್ಟ್. ಸದ್ಯ ನಾನು ಬರೆದಿರೋದು "ಪೂರ್ವಾಪೇಕ್ಷಿತ", "ದಿಶಾತ್ಮಕ ಅಚಕ್ರೀಯ ನಕ್ಷೆ", "ಸ್ಥಳವೈಜ್ಞಾನಿಕ ವಿಂಗಡಣೆ". ಮೊದಲ ವರ್ಷದ ಹುಡುಗರು ಓದಿ ನಕ್ಕರು.

ಚಿತ್ರದುರ್ಗದಿಂದ

ನಗುವುದೇ ಸರಿ. ಪೂರ್ವಾಪೇಕ್ಷಿತ ಬೇಡ, "ಮುನ್ನೋದು" ಸಾಕು. ಮುನ್ನ ಓದಬೇಕಾದ್ದು. ಎರಡನೆಯದಕ್ಕೆ "ಸುತ್ತಿಲ್ಲದ ಬಾಣನಕ್ಷೆ". ಸುತ್ತು ನಮ್ಮದೇ ಪದ, ತಮಿಳಿನಲ್ಲೂ ಇದರ ಒಡಹುಟ್ಟು ಇದೆ. ಚಕ್ರ ನಮ್ಮದಲ್ಲ. ಮೂರನೆಯದಕ್ಕೆ "ಸರದಿ". ಮುಗಿಯಿತು.

ಹರಿಹರದಿಂದ

ಮೇಡಂ ನನಗೆ ಚಿತ್ರ ಕಳಿಸಿದ್ದರು, ನೋಡಿದೆ. "ಸುತ್ತಿಲ್ಲದ" ಅಂತ ಹಾಕಿದರೆ ತಪ್ಪಾಗುತ್ತೆ. ಅದರಲ್ಲಿ ಸುತ್ತು ಎದ್ದು ಕಾಣುತ್ತಿದೆ. ಡೇಟಾ ಸ್ಟ್ರಕ್ಚರ್ಸ್‌ನಿಂದ ಅಲ್ಗಾರಿದಮ್, ಅಲ್ಲಿಂದ ಪ್ರಾಜೆಕ್ಟ್, ಆ ಕಡೆ ವೆಬ್, ಡೇಟಾಬೇಸ್, ಮತ್ತೆ ಡೇಟಾ ಸ್ಟ್ರಕ್ಚರ್ಸ್. ಐದು ಪೇಪರ್ ಸೇರಿ ಒಂದು ಉಂಗುರ ಆಗಿದೆಯಲ್ಲ? ಮೊದಲು ಚಿತ್ರ ಸರಿಮಾಡಿ.

ಚಿತ್ರದುರ್ಗದಿಂದ, ನಿವೃತ್ತ ಗಣಿತ ಮೇಷ್ಟ್ರು

ನಾನೂ ಚಿತ್ರದುರ್ಗದವನೇ, ಮೇಲೆ ಬರೆದವರು ಬೇರೆ. ಹರಿಹರದವರು ಗೆರೆ ನೋಡಿದ್ದಾರೆ, ಬಾಣ ನೋಡಿಲ್ಲ. ಡೇಟಾ ಸ್ಟ್ರಕ್ಚರ್ಸ್‌ನಿಂದ ಎರಡು ದಾರಿ ಹೊರಡುತ್ತವೆ, ಎರಡೂ ಪ್ರಾಜೆಕ್ಟಿಗೆ ಬಂದು ಸೇರುತ್ತವೆ. ಬಾಣ ಹಿಡಿದು ನಡೆದರೆ ಪ್ರಾಜೆಕ್ಟಿನಿಂದ ಹೊರಗೆ ದಾರಿಯೇ ಇಲ್ಲ. ಕಣ್ಣಿಗೆ ಉಂಗುರ, ಕಾಲಿಗೆ ಅಲ್ಲ.

ಆದರೆ ಅವರು ಎಡವಿದ ಜಾಗದಲ್ಲೇ ಹುಡುಗರೂ ಎಡವುತ್ತಾರೆ. ಅದಕ್ಕೇ "ಸುತ್ತಿಲ್ಲದ" ನನಗೆ ಒಪ್ಪಿಗೆಯಿಲ್ಲ. ಹೊರಟ ಜಾಗಕ್ಕೆ ಮರಳಲು ಆಗಬಾರದು ಅನ್ನುವುದೇ ಇಲ್ಲಿನ ವಿಷಯ. "ಮರಳದ ಬಾಣನಕ್ಷೆ" ಅನ್ನಿ.

"ವಿಂಗಡಣೆ" ಅಂತೂ ಪೂರಾ ತಪ್ಪು. ವಿಂಗಡಿಸುವುದು ಅಂದರೆ ಬೇರೆಬೇರೆ ಮಾಡುವುದು. ಒಳ್ಳೆ ಶೇಂಗಾ ಒಂದು ಕಡೆ, ಜೊಳ್ಳು ಒಂದು ಕಡೆ. ಇಲ್ಲಿ ಯಾವುದನ್ನೂ ಬೇರೆ ಮಾಡುತ್ತಿಲ್ಲ. ಎಲ್ಲವನ್ನೂ ಒಂದೇ ಸಾಲಿಗೆ ತರುತ್ತಿದ್ದೇವೆ, ಯಾವ ಬಾಣವೂ ಹಿಂದಕ್ಕೆ ತಿರುಗದ ಹಾಗೆ. ಆದ್ದರಿಂದ "ಸಾಲು".

ಹಿರಿಯೂರಿನಿಂದ

ನಾನು ಮನೆ ಕಟ್ಟಿಸುವ ಕೆಲಸದವನು. ನಮ್ಮಲ್ಲೂ ಇದೇ. ಪಾಯ, ಆಮೇಲೆ ಗೋಡೆ, ಆಮೇಲೆ ವೈರಿಂಗ್ ಪೈಪು, ಆಮೇಲೆ ಪ್ಲಾಸ್ಟರ್. ಪ್ಲಾಸ್ಟರ್ ಮೊದಲು ಹೊಡೆದರೆ ಮತ್ತೆ ಗೋಡೆ ಕೊರೆಯಬೇಕು. ನಾವು ಇದಕ್ಕೆ "ಪಾಳಿ" ಅಂತೀವಿ. ಅದನ್ನೇ ಹಾಕಿ, ಎಲ್ಲರಿಗೂ ಗೊತ್ತಾಗುತ್ತೆ. ಅಂದಹಾಗೆ ಟೈಂ ಟೇಬಲ್‌ಗೆ "ವೇಳಾಪಟ್ಟಿ" ಅಂತ ಇದೆಯಲ್ಲ?

ಚಿತ್ರದುರ್ಗದಿಂದ

ವೇಳಾಪಟ್ಟಿಯನ್ನು ಯಾರೂ ಕೇಳಿಲ್ಲ. ಪಾಳಿ ಮರಾಠಿಯದ್ದಿರಬೇಕು, ಬೇಡ.

ದಾವಣಗೆರೆಯಿಂದ, ಬಿಸಿಎ ಉಪನ್ಯಾಸಕಿ

ಮೇಷ್ಟ್ರೇ, "ಸಾಲು" ಹಿಡಿಸಿತು. ಆದರೆ ಈಗ ಬೇರೆ ತಾಪತ್ರಯ. ಸಾಲು ಮಾಡೋಣ ಅಂತ ಚೀಟಿ ಕತ್ತರಿಸಿ ಮೇಜಿನ ಮೇಲೆ ಹರಡಿದೆ. ಸಿಲಬಸ್ ಪ್ರತಿಯಲ್ಲಿದ್ದ ಜೋಡಿಗಳು ಇವು. ಎಡಗಡೆಯದು ಮೊದಲು ಮುಗಿಯಬೇಕು. DM ಅಂದರೆ ಡಿಸ್ಕ್ರೀಟ್ ಗಣಿತ.

```
C DS
DS ALGO
DM ALGO
DS DB
DB WEB
WEB DB
ALGO PROJ
WEB PROJ
```

ಒಳಗೆ ಬಾಣವೇ ಇಲ್ಲದ ಚೀಟಿ ಎತ್ತಿ ಸಾಲಿಗಿಟ್ಟೆ, ಅದರಿಂದ ಹೊರಟ ಬಾಣ ಅಳಿಸಿದೆ, ಮತ್ತೆ ಹುಡುಕಿದೆ. C, DM, DS, ALGO ಬಂದವು. ಅಲ್ಲಿಗೆ ನಿಂತಿತು. DB, WEB, PROJ ಮೂರೂ ಮೇಜಿನ ಮೇಲೇ ಉಳಿದಿವೆ, ಮೂರಕ್ಕೂ ಒಳಬಾಣ ಇದೆ. ಪ್ರಾಜೆಕ್ಟಿನಲ್ಲಿ ಏನು ತಪ್ಪಾಗಿದೆ ಅಂತ ಅರ್ಧ ಗಂಟೆಯಿಂದ ನೋಡ್ತಾ ಇದೀನಿ.

ಚಿತ್ರದುರ್ಗದಿಂದ, ನಿವೃತ್ತ ಗಣಿತ ಮೇಷ್ಟ್ರು

ನೀವು ಮಾಡಿದ ಕ್ರಮ ಸರಿ ಇದೆಯಮ್ಮ. ಕಾನ್ ಎಂಬವರು 1962ರಲ್ಲಿ ಬರೆದದ್ದೂ ಇದನ್ನೇ. ಚೀಟಿ ಉಳಿದರೆ ಎಲ್ಲೋ ಮರಳುವ ದಾರಿ ಇದೆ ಅಂತ ಅರ್ಥ. ಆದರೆ ಉಳಿದ ಚೀಟಿಗಳೆಲ್ಲ ಅದರೊಳಗೆ ಇರುತ್ತವೆ ಅಂತಲ್ಲ. ಪ್ರಾಜೆಕ್ಟಿನ ತಪ್ಪೇನೂ ಇಲ್ಲ. ಅದು ಸಿಕ್ಕಿಬಿದ್ದವರ ಹಿಂದೆ ನಿಂತು ಕಾಯುತ್ತಿದೆ, ಅಷ್ಟೇ.

ಉಳಿದದ್ದರಲ್ಲಿ ಯಾವುದಾದರೂ ಒಂದು ಚೀಟಿ ಹಿಡಿದು ಹಿಂದಕ್ಕೆ ನಡೆಯಿರಿ. ಮುಂದಕ್ಕಲ್ಲ. PROJ ಗೆ ಮುಂಚೆ WEB, WEB ಗೆ ಮುಂಚೆ DB, DB ಗೆ ಮುಂಚೆ ಮತ್ತೆ WEB. ಎರಡನೇ ಸಲ ಯಾವ ಹೆಸರು ಬಂತೋ ಅಲ್ಲೇ ಗಂಟು. ಮುಂದಕ್ಕೆ ನಡೆದರೆ ಪ್ರಾಜೆಕ್ಟಿನಲ್ಲಿ ದಾರಿ ಮುಗಿದು ಏನೂ ಸಿಗದೆ ಹೋಗಬಹುದು. ಲಿನಕ್ಸ್ ಇದ್ದರೆ ಈ ಜೋಡಿಗಳನ್ನೇ ಒಂದು ಫೈಲಿಗೆ ಹಾಕಿ `tsort` ಗೆ ಕೊಡಿ. `input contains a loop` ಅನ್ನುತ್ತೆ, ಹೆಸರುಗಳನ್ನೂ ಹೇಳುತ್ತೆ.

ಆ ಎರಡು ಬಾಣಗಳಲ್ಲಿ ಯಾವುದು ಹೋಗಬೇಕು ಅನ್ನುವುದನ್ನು ಗಣಿತ ಹೇಳುವುದಿಲ್ಲ. ಅದು ನಿಮ್ಮ ವಿಭಾಗದವರು ಕೂತು ಹೇಳಬೇಕಾದ್ದು.

ದಾವಣಗೆರೆಯಿಂದ, ಬಿಸಿಎ ಉಪನ್ಯಾಸಕಿ

ಸಿಕ್ಕಿತು! ಡೇಟಾಬೇಸ್ ಲ್ಯಾಬಿನಲ್ಲಿ ಒಂದು ವೆಬ್ ಫಾರಂ ಮಾಡಿಸುತ್ತೇವೆ. ಅದಕ್ಕೇ ಯಾರೋ `WEB DB` ಸೇರಿಸಿದ್ದಾರೆ. ಆ ಫಾರಂ ನಾವೇ ಮಾಡಿ ಕೊಟ್ಟರೆ ಆಯಿತು. ಬಾಣ ತೆಗೆದೆ, ಏಳೂ ಚೀಟಿ ಸಾಲಿಗೆ ಬಂದವು.

ಹರಿಹರದಿಂದ

ಉಂಗುರದ ವಿಷಯ ಒಪ್ಪಿದೆ. ಈಗ ಆ ಸಾಲನ್ನೇ ದೊಡ್ಡದಾಗಿ "ಓದುವ ಕ್ರಮ" ಅಂತ ಬೋರ್ಡಿಗೆ ಹಾಕಿಬಿಡಿ. ಸರಿಯಾದ ಕ್ರಮ ಒಂದೇ ಇರುತ್ತಲ್ವಾ?

ಚಿತ್ರದುರ್ಗದಿಂದ, ನಿವೃತ್ತ ಗಣಿತ ಮೇಷ್ಟ್ರು

ಇಲ್ಲ. ಈ ಏಳು ಪೇಪರಿಗೆ ಸರಿಯಾದ ಸಾಲು ಹನ್ನೆರಡು. DM ಬದಿಗಿಡಿ. C, DS ಮೊದಲೆರಡು, PROJ ಕೊನೆ. ನಡುವೆ DB ಆದಮೇಲೆ WEB ಬರಬೇಕು, ALGO ಎಲ್ಲಿ ಬೇಕಾದರೂ ಕೂರಬಹುದು. ಅಂದರೆ ಮೂರು ಬಗೆ. ಈಗ DM ಸೇರಿಸಿ. ಅದು ALGO ಗೆ ಮುಂಚೆ ಇದ್ದರೆ ಸಾಕು. ALGO, DB ಗೆ ಮುಂಚೆ ಇದ್ದರೆ DM ಗೆ ಮೂರು ಜಾಗ, ನಡುವೆ ಇದ್ದರೆ ನಾಲ್ಕು, WEB ಆದಮೇಲೆ ಇದ್ದರೆ ಐದು. ಕೂಡಿದರೆ ಹನ್ನೆರಡು.

ಅದಕ್ಕೇ "ಸರದಿ"ಯೂ ಬೇಡ, "ಪಾಳಿ"ಯೂ ಬೇಡ ಅಂತ ನನ್ನ ಅಭಿಪ್ರಾಯ. ಸರದಿ ಅಂದರೆ ನನ್ನ ಜಾಗ ಮೊದಲೇ ಗೊತ್ತಾಗಿದೆ ಅಂತ. ಹುಡುಗ ಬೋರ್ಡ್ ನೋಡಿ, ಡಿಸ್ಕ್ರೀಟ್ ಗಣಿತ ಎರಡನೆಯದೇ ಆಗಬೇಕು ಅಂದುಕೊಳ್ಳುತ್ತಾನೆ. "ಒಪ್ಪುವ ಸಾಲು" ಅನ್ನಿ. ಒಪ್ಪುವುದು ಹಲವು ಇರಬಹುದು.

ಸಾಲಿನಿಂದ ಸೆಮಿಸ್ಟರ್ ಲೆಕ್ಕವೂ ತೆಗೆಯಬೇಡಿ. ಅದಕ್ಕೆ ಉದ್ದದ ದಾರಿ ನೋಡಬೇಕು: C, DS, DB, WEB, PROJ. ಒಂದು ಸೆಮಿಸ್ಟರಿನಲ್ಲಿ ಎಷ್ಟು ಪೇಪರ್ ಓದಿದರೂ ಐದು ಸೆಮಿಸ್ಟರ್ ಬೇಕೇ ಬೇಕು.

ಚಿತ್ರದುರ್ಗದಿಂದ

"ಸರದಿ" ಕನ್ನಡದ್ದೇ. ಸರ, ಅಂದರೆ ಪೋಣಿಸಿದ್ದು. ಅದರಿಂದ ಸರದಿ. ಮೇಷ್ಟ್ರು ಗಣಿತ ಹೇಳಲಿ, ಪದದ ಬೇರು ನಮಗೆ ಬಿಡಲಿ.

ಹೊಸದುರ್ಗದಿಂದ

ಆ ಬೇರನ್ನು ನಾನು ಒಪ್ಪುವುದಿಲ್ಲ. ಕಿವಿಗೆ ಹತ್ತಿರ ಬಂತು ಅಂತ ಬೇರು ಆಗುವುದಿಲ್ಲ. ಅದಿರಲಿ, ಪಾಳಿ ಮರಾಠಿಯದು ಬೇಡ ಅಂದವರು "ಬಾಣನಕ್ಷೆ" ಹೇಗೆ ಬರೆದಿರಿ? ನಕ್ಷೆ ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ಬಂದದ್ದು. ಬಾಣ ಸಂಸ್ಕೃತದ್ದು. ಬಂದು ಇಲ್ಲೇ ಬೇರು ಬಿಟ್ಟ ಪದವನ್ನು ಊರು ಬಿಡಿಸುವುದು ನನಗಂತೂ ಬೇಸರದ ಕೆಲಸ. ಮನೆ ಕಟ್ಟುವವರ "ಪಾಳಿ"ಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೂ ಸರಿಯಲ್ಲ.

ಚಿತ್ರದುರ್ಗದಿಂದ

ಹಾಗಾದರೆ "ಅಂಬುಚಿತ್ರ". ಅಂಬು ನಮ್ಮದು.

ಹೊಸದುರ್ಗದಿಂದ

ಚಿತ್ರ?

ದಾವಣಗೆರೆಯಿಂದ, ಬಿಸಿಎ ಉಪನ್ಯಾಸಕಿ

ಐದೂವರೆ ಆಯಿತು, ಫೈಲ್ ಕಳಿಸಿದೆ. ಮೇಲೆ "ಮುನ್ನೋದು: ಮರಳದ ಬಾಣನಕ್ಷೆ". ಕೆಳಗೆ "ಒಪ್ಪುವ ಸಾಲುಗಳು" ಅಂತ ಬರೆದು ಎರಡು ಸಾಲು ಹಾಕಿದ್ದೇನೆ, ಒಂದರಲ್ಲಿ DM ಮೊದಲು, ಇನ್ನೊಂದರಲ್ಲಿ ಐದನೆಯದು. ಬಾಣದ ಬುಡ ಮೊದಲು ಓದುವುದರ ಕಡೆ, ಮೊನೆ ಆಮೇಲಿನದರ ಕಡೆ ಅಂತ ಮೂಲೆಯಲ್ಲಿ ಒಂದು ಸಾಲು ಬರೆಸಿದೆ. ಇಬ್ಬರು ಹುಡುಗರು ಉಲ್ಟಾ ಓದಿದ್ದರು.

ಹಿರಿಯೂರಿನಿಂದ

ನಮ್ಮ ಸೈಟಿನಲ್ಲಿ ನಾಳೆಯೂ ಪಾಳಿ ಅಂತಲೇ ಅನ್ನೋದು.