ಆಫರ್ ಲೆಟರ್ ಜೊತೆಗಿನ ಇಮೇಲ್‌ನಲ್ಲಿ ‘ಸ್ವೀಕರಿಸಿ’, ‘12ರೊಳಗೆ’: ಸರಿಯೇ?

ಎಲ್ಲರಿಗೂ ನಮಸ್ಕಾರ.

ನಾನು ಎಚ್‌ಆರ್ ವಿಭಾಗದಲ್ಲಿದ್ದೇನೆ. ಆಯ್ಕೆಯಾದವರಿಗೆ ಆಫರ್ ಲೆಟರ್ ಕಳಿಸುವಾಗ ಜೊತೆಗೊಂದು ಚಿಕ್ಕ ಇಮೇಲ್ ಬರೆಯುತ್ತೇವೆ. ಕೆಲಸಕ್ಕೆ ಸೇರುವ ದಿನ, ತರಬೇಕಾದ ದಾಖಲೆ, ಉತ್ತರ ಕೊಡಲು ಕೊನೆಯ ದಿನ, ಇಷ್ಟೇ ಅದರಲ್ಲಿರುವುದು. ಈ ಸಲ ಕನ್ನಡದಲ್ಲೇ ಬರೆದೆ:

“ಲಗತ್ತಿಸಿರುವ ಪತ್ರವನ್ನು ಸ್ವೀಕರಿಸಿ, ಜೂನ್ 12ರೊಳಗೆ ಉತ್ತರಿಸಿ. ಜುಲೈ 13ರಂದು ಎಲ್ಲ ದಾಖಲೆಗಳ ನಕಲಿಗಳೊಂದಿಗೆ ಹಾಜರಾಗಿ.”

ಮರುದಿನವೇ ಉತ್ತರ ಬಂತು: “ಪತ್ರ ಸ್ವೀಕರಿಸಿದ್ದೇನೆ. ಧನ್ಯವಾದಗಳು.” ಸರಿ, ಒಪ್ಪಿದರು ಅಂದುಕೊಂಡು ಪಟ್ಟಿಯಲ್ಲಿ ಎರಡನೆಯವರಾಗಿದ್ದವರಿಗೆ ‘ಇಲ್ಲ’ ಅಂತ ಹೇಳಿಬಿಟ್ಟೆವು. ಎರಡು ದಿನ ಬಿಟ್ಟು ಫೋನ್ ಮಾಡಿದರೆ, “ಇನ್ನೂ ಯೋಚನೆ ಮಾಡ್ತಿದ್ದೀನಿ ಮೇಡಂ. ಪತ್ರ ಕೈಸೇರಿತು ಅಂತಷ್ಟೇ ಬರೆದದ್ದು” ಅಂದರು. ತಪ್ಪು ಅವರದ್ದಾ, ನನ್ನ ಪದದ್ದಾ? ಇನ್ನೊಂದು ಅನುಮಾನ: ‘12ರೊಳಗೆ’ ಅಂದರೆ 12ನೇ ತಾರೀಖೂ ಸೇರುತ್ತದಾ?

*

ತಪ್ಪು ನಿಮ್ಮ ಪದದ್ದೇ. ‘ಸ್ವೀಕರಿಸು’ ಎಂಬುದಕ್ಕೆ ಎರಡೂ ಅರ್ಥ ಇದೆ, ಒಪ್ಪುವುದು ಮತ್ತು ಪಡೆಯುವುದು. ಆದರೆ ಅದರ ಮುಂದೆ ‘ಪತ್ರ’ ಬಂದ ಕೂಡಲೇ ಎರಡನೆಯದೇ ಗೆಲ್ಲುತ್ತದೆ. “ಅರ್ಜಿ ಸ್ವೀಕರಿಸಲಾಗಿದೆ” ಅಂತ ಯಾವುದೋ ಕಚೇರಿಯಿಂದ ಮೆಸೇಜ್ ಬಂದರೆ ನಮ್ಮ ಕೆಲಸ ಆಯಿತು ಅಂತ ಯಾರೂ ಸಿಹಿ ಹಂಚುವುದಿಲ್ಲ. ಅರ್ಜಿ ತಲುಪಿದೆ, ಅಷ್ಟೇ. ‘ಸ್ವೀಕೃತಿ’ಯೂ ಹಾಗೆಯೇ. ಕಾಗದ ಕೊಟ್ಟು ಸ್ವೀಕೃತಿ ಪಡೆದೆ ಅಂದರೆ ಮುದ್ರೆ ಹಾಕಿಸಿಕೊಂಡೆ ಅಂತ ಅರ್ಥ.

‘ಒಪ್ಪಿಗೆ’ ಅನ್ನಿ, ಆದರೆ ಅದೊಂದೇ ಸಾಲದು. ಯಾವುದಕ್ಕೆ ಒಪ್ಪಿಗೆ ಎಂಬುದೂ ವಾಕ್ಯದಲ್ಲಿ ಇರಬೇಕು. ಪತ್ರಕ್ಕಲ್ಲ, ಹುದ್ದೆಗೆ, ಸಂಬಳಕ್ಕೆ, ಸೇರುವ ದಿನಕ್ಕೆ. ಅನುವಾದ ನನ್ನ ಕಸುಬು, ಇಂಥ ಪತ್ರ ತುಂಬಾ ನೋಡಿದ್ದೇನೆ. ನಾನಾದರೆ ಉತ್ತರದ ವಾಕ್ಯವನ್ನೂ ನಾನೇ ಬರೆದುಕೊಡುತ್ತೇನೆ: “ಒಪ್ಪಿಗೆ ಇದ್ದರೆ ಈ ಸಾಲನ್ನು ಬರೆದು ಕಳಿಸಿ: ‘ಪತ್ರದಲ್ಲಿರುವ ಹುದ್ದೆ, ಸಂಬಳ ಮತ್ತು ಷರತ್ತುಗಳಿಗೆ ನನ್ನ ಒಪ್ಪಿಗೆ ಇದೆ. ಜುಲೈ 13ರಂದು ಕೆಲಸಕ್ಕೆ ಸೇರುತ್ತೇನೆ.’” ಹೀಗಿದ್ದಾಗ ಯಾರಾದರೂ ‘ಒಪ್ಪಿಗೆ ಇದೆ, ಆದರೆ ಸಂಬಳ ಸ್ವಲ್ಪ ಜಾಸ್ತಿ ಮಾಡಿ’ ಅಂತ ಸೇರಿಸಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಅದು ಒಪ್ಪಿಗೆಯಲ್ಲ, ಮಾತುಕತೆ ಮತ್ತೆ ಶುರುವಾಯಿತು ಅಂತ.

*

‘ಒಳಗೆ’ ಬಗ್ಗೆ ನನ್ನದೊಂದು ಮಾತು. 12ರೊಳಗೆ ಅಂದರೆ 12 ಸೇರುವುದೇ ಇಲ್ಲ. ಗೆರೆಯೊಳಗೆ ನಿಲ್ಲು ಅಂದರೆ ಗೆರೆಯ ಮೇಲೆ ನಿಲ್ಲುತ್ತೀರಾ? 11ರ ರಾತ್ರಿಗೇ ಮುಗಿಯಿತು. 12 ಸೇರಬೇಕಿದ್ದರೆ ‘12ರವರೆಗೆ ಉತ್ತರಿಸಿ’ ಅಂತ ಬರೆಯಬೇಕು.

*

ಗೆರೆಯ ಮಾತು ಚೆನ್ನಾಗಿದೆ, ಆದರೆ ತಾರೀಖು ಗೆರೆಯಲ್ಲ. ಅದಕ್ಕೇ ಒಂದು ಇಡೀ ದಿನದಷ್ಟು ಅಗಲ ಇದೆ. ‘ಹತ್ತನೇ ತಾರೀಖಿನೊಳಗೆ ಬಾಡಿಗೆ ಕೊಡಿ’ ಅಂದರೆ ಹತ್ತರಂದು ಕೊಟ್ಟವರನ್ನು ತಡಮಾಡಿದಿರಿ ಅಂತ ಬೈಯುವವರು ಕಡಿಮೆ. ಹಾಗಂತ ಎಲ್ಲರೂ ಹಾಗೇ ಓದುತ್ತಾರೆ ಅಂತಲೂ ಹೇಳಲಾರೆ. ನೀವೇ ಬೇರೆ ಥರ ಓದಿದಿರಲ್ಲ!

‘ವರೆಗೆ’ ಮಾತ್ರ ಇಲ್ಲಿ ಬೇಡ. ಅದು ನಡೆಯುತ್ತಲೇ ಇರುವ ಕೆಲಸಕ್ಕೆ. ‘12ರವರೆಗೆ ಕಾಯುತ್ತೇವೆ’ ಸರಿ. ‘12ರವರೆಗೆ ಉತ್ತರಿಸಿ’ ಅಂದರೆ ಅಲ್ಲಿಯ ತನಕ ದಿನಾ ಒಂದೊಂದು ಉತ್ತರ ಕಳಿಸುತ್ತಾ ಇರಿ ಅಂದ ಹಾಗೆ ಕೇಳುತ್ತದೆ. ಒಂದೇ ಸಲ ಮಾಡಿ ಮುಗಿಸುವ ಕೆಲಸಕ್ಕೆ ‘ಒಳಗೆ’ಯೇ ಸರಿ. ಅನುಮಾನ ಕಳೆಯಲು ಪದ ಬದಲಿಸಬೇಕಿಲ್ಲ, ಗಂಟೆ ಸೇರಿಸಿದರೆ ಆಯಿತು: “ಜೂನ್ 12, ಶುಕ್ರವಾರ ಸಂಜೆ 5 ಗಂಟೆಯೊಳಗೆ”. ವಾರ ಹಾಕುವುದರಿಂದ ಇನ್ನೊಂದು ಲಾಭ ಇದೆ. ತಾರೀಖು ತಪ್ಪಾಗಿ ಟೈಪಾಗಿದ್ದರೆ ವಾರಕ್ಕೆ ತಾಳೆಯಾಗುವುದಿಲ್ಲ, ಓದುವವರೇ ಕೇಳುತ್ತಾರೆ. ಆ ಹೊತ್ತು ದಾಟಿದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ. ‘ಅಷ್ಟರೊಳಗೆ ಒಪ್ಪಿಗೆ ಬಾರದಿದ್ದರೆ ಈ ಆಫರ್ ಮುಂದುವರಿಯುವುದಿಲ್ಲ’ ಅಂತ. ಕಠಿಣ ಅನ್ನಿಸಬಹುದು, ಆದರೆ ಅದಿಲ್ಲದೆ ಕೊನೆಯ ದಿನ ಸುಮ್ನೆ ಅಲಂಕಾರ.

*

ಒಪ್ಪಿಗೆ ಪತ್ರ ಬರೆಯುವುದು ಹೇಗೆ ಅಂತ ಕೇಳಿದ್ದೀರಿ ಅಂದುಕೊಂಡು ಓದುತ್ತಾ ಬಂದೆ, ಪ್ರಶ್ನೆ ಬೇರೆಯೇ ಇದೆ. ಇರಲಿ, ನನ್ನ ಕಥೆಯನ್ನೂ ಹೇಳುತ್ತೇನೆ. ನನಗೆ ಬಂದಿದ್ದ ಇಮೇಲ್‌ನಲ್ಲಿ “ಒಪ್ಪಿಗೆಯೊಂದಿಗೆ ಎಲ್ಲ ದಾಖಲೆಗಳನ್ನು ಕಳಿಸಿ” ಅಂತಿತ್ತು. ಪಟ್ಟಿಯಲ್ಲಿ ಹಳೇ ಕಂಪನಿಯ ರಿಲೀವಿಂಗ್ ಲೆಟರೂ ಇತ್ತು! ಒಪ್ಪಿಗೆ ಕೊಟ್ಟ ಮೇಲೆ ತಾನೆ ರಾಜೀನಾಮೆ, ಅದಾದ ಮೇಲೆ ನೋಟಿಸ್, ಕೊನೆಯ ದಿನ ಮುಗಿದ ಮೇಲೆ ಆ ಲೆಟರು? ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ನಿಮ್ಮ ತಾರೀಖುಗಳನ್ನೂ ಲೆಕ್ಕ ಹಾಕಿ ನೋಡಿದೆ. 12ರ ಶುಕ್ರವಾರ ಸಂಜೆ ಒಪ್ಪಿದವರು 15ರ ಸೋಮವಾರ ರಾಜೀನಾಮೆ ಕೊಡುತ್ತಾರೆ. ನೋಟಿಸ್ 30 ದಿನ, ಆ ಸೋಮವಾರವೇ ಮೊದಲ ದಿನ ಅಂತಿಟ್ಟುಕೊಳ್ಳಿ. ಜುಲೈ 14ಕ್ಕೆ ಮುಗಿಯುತ್ತದೆ. ನೀವು 13ಕ್ಕೆ ಬನ್ನಿ ಅಂದಿದ್ದೀರಿ. ಆ ವ್ಯಕ್ತಿ ಯೋಚನೆ ಮಾಡುತ್ತಿದ್ದದ್ದು ಇದನ್ನೇ ಇರಬಹುದು, ಅಲ್ವಾ?

*

ಅಯ್ಯೋ, ಹೌದು. ನಿನ್ನೆ ಮತ್ತೆ ಮಾತಾಡಿದೆ, ಅವರೂ ಅದನ್ನೇ ಹೇಳಿದರು. ಹಳೇ ಕಡೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲದೆ ಒಪ್ಪಲು ಹೆದರಿಕೆಯಂತೆ. ಸೇರುವ ದಿನವನ್ನು 15ಕ್ಕೆ ಸರಿಸಿದ್ದೇನೆ.

ದಾಖಲೆಗಳನ್ನು ಎರಡು ಭಾಗ ಮಾಡಿ ಬರೆದಿದ್ದೇನೆ:

“ಒಪ್ಪಿಗೆಯ ಜೊತೆ ಈಗ ಕಳಿಸಬೇಕಾದದ್ದು: ಸಹಿ ಮಾಡಿದ ಆಫರ್ ಲೆಟರ್, ಗುರುತಿನ ಚೀಟಿಯ ಪ್ರತಿ. ಜುಲೈ 15, ಬುಧವಾರ ಬೆಳಿಗ್ಗೆ ಬರುವಾಗ ತರಬೇಕಾದದ್ದು: ಪದವಿ ಪ್ರಮಾಣಪತ್ರದ ಮೂಲ ಮತ್ತು ಒಂದು ಪ್ರತಿ, ರಿಲೀವಿಂಗ್ ಲೆಟರ್. ರಿಲೀವಿಂಗ್ ಲೆಟರ್ ಅಷ್ಟರಲ್ಲಿ ಸಿಗದಿದ್ದರೆ, ರಾಜೀನಾಮೆ ಅಂಗೀಕರಿಸಿದ ಇಮೇಲ್ ತನ್ನಿ.”

*

ಒಳ್ಳೆಯದಾಯಿತು. ಯಾರೂ ಗಮನಿಸಲಿಲ್ಲವೇನೋ, ಮೊದಲ ಕರಡಿನಲ್ಲಿ ‘ದಾಖಲೆಗಳ ನಕಲಿ’ ಅಂತಿತ್ತು. ನಕಲು ಅಂದರೆ ಪ್ರತಿ, ನಕಲಿ ಅಂದರೆ ಖೋಟಾ. ನಕಲಿ ಪ್ರಮಾಣಪತ್ರ ತನ್ನಿ ಅಂತ ಎಚ್‌ಆರ್‌ನವರೇ ಬರೆದುಕೊಟ್ಟರೆ ತಂದವರ ಮೇಲೆ ಕ್ರಮ ತೆಗೆದುಕೊಳ್ಳುವುದು ಕಷ್ಟ! ‘ಪ್ರತಿ’ ಅಂತ ಬದಲಿಸಿದ್ದು ಕ್ಷೇಮ.

*

ಗಮನಿಸಿಯೇ ಬದಲಿಸಿದೆ, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಉಳಿದದ್ದು ಇಮೇಲ್‌ನ ವಿಷಯದ ಸಾಲು. ‘ಆಫರ್ ಲೆಟರ್’ ಅಂತಲೇ ಬಿಡಲಾ? ‘ನೇಮಕಾತಿ ಪತ್ರ’ ಅಂದರೆ ನೇಮಕ ಆಗಿಯೇ ಹೋಯಿತು ಅಂತ ಓದುತ್ತಾರೆ, ನಮ್ಮಲ್ಲಿ ಅದನ್ನು ಸೇರಿದ ದಿನ ಬೇರೆಯಾಗಿ ಕೊಡುತ್ತೇವೆ. ಸಹೋದ್ಯೋಗಿಯೊಬ್ಬರು ‘ಉದ್ಯೋಗ ಆಹ್ವಾನ ಪತ್ರ’ ಅಂದರು. ಲಗ್ನಪತ್ರಿಕೆ ಥರ ಕೇಳಿಸಿತು.

*

‘ಕೆಲಸದ ಆಫರ್’ ಅಂತ ಹಾಕಿ. ಎಲ್ಲರಿಗೂ ತಿಳಿಯುತ್ತದೆ.

*

ತಿಳಿಯುವುದೇನೋ ಸರಿ, ಆದರೆ ವಿಷಯದ ಸಾಲಿನಲ್ಲಿ ‘ಆಫರ್’ ಕಂಡರೆ ಎಷ್ಟು ಪರ್ಸೆಂಟ್ ರಿಯಾಯಿತಿ ಅಂತ ನನ್ನ ಕಣ್ಣು ಹುಡುಕುತ್ತದೆ. ಹುದ್ದೆಯ ಹೆಸರನ್ನೂ ಕೊನೆಯ ತಾರೀಖನ್ನೂ ಅಲ್ಲೇ ಹಾಕಿದರೆ ಆ ತೊಂದರೆ ಇರುವುದಿಲ್ಲ. ಪದದ ಪ್ರಶ್ನೆ ಹಾಗೇ ಉಳಿಯಿತು, ಬೇರೆ ಯಾರಿಗಾದರೂ ಹೊಳೆದರೆ ಹೇಳಿ.